ಕಂಪನಿಗೆ ಹೋದ ಪ್ರೊಫೈಲಿನಲ್ಲಿ ತಪ್ಪಿದ್ದರೆ

ಕನ್ಸಲ್ಟೆನ್ಸಿ ಮೂಲಕ ಬೆಂಗಳೂರಿನ ಐಟಿ ಕಂಪನಿಗೆ ಅರ್ಜಿ ಹಾಕುವ ಅನೇಕರು, ತಾವು ಕಳಿಸಿದ ರೆಸ್ಯೂಮೆಯೇ ಅಲ್ಲಿಗೆ ತಲುಪುತ್ತದೆ ಎಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ಅದರ ಜೊತೆಗೆ ಇನ್ನೊಂದೂ ಹೋಗುತ್ತದೆ. ರಿಕ್ರೂಟರ್‌ಗಳು ಅದನ್ನು ಟ್ರ್ಯಾಕರ್ ಎನ್ನುತ್ತಾರೆ. ಎಕ್ಸೆಲ್ ಹಾಳೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು: ಒಟ್ಟು ಅನುಭವ, ಈ ಕೆಲಸಕ್ಕೆ ಸಂಬಂಧಿಸಿದ ಅನುಭವ, ಈಗಿನ ಸಿಟಿಸಿ, ಕೇಳುತ್ತಿರುವ ಸಿಟಿಸಿ, ನೋಟಿಸ್ ಪೀರಿಯಡ್. ಕಂಪನಿಯ ಎಚ್‌ಆರ್ ಮೊದಲು ಕಣ್ಣಾಡಿಸುವುದು ಈ ಸಾಲಿನ ಮೇಲೆ. ಅಭ್ಯರ್ಥಿಯ ಕಣ್ಣಿಗೆ ಬೀಳದೆ ತಪ್ಪು ನುಸುಳುವುದೂ ಇಲ್ಲೇ.

ಒಬ್ಬ ಹುಡುಗಿಯ ವಿಷಯವನ್ನೇ ಊಹಿಸಿಕೊಳ್ಳೋಣ. ದಾವಣಗೆರೆಯವಳು, ಬೆಂಗಳೂರಿನಲ್ಲಿ ಜಾವಾ ಡೆವಲಪರ್. ಒಟ್ಟು ಅನುಭವ 4 ವರ್ಷ 3 ತಿಂಗಳು. ಅದರಲ್ಲಿ ಜಾವಾ ಕೆಲಸ 3 ವರ್ಷ, ಉಳಿದದ್ದು ಟೆಸ್ಟಿಂಗ್. ನೋಟಿಸ್ 90 ದಿನ. ಸಂದರ್ಶನದ ಹೊತ್ತು ಗೊತ್ತುಮಾಡಲು ಫೋನ್ ಮಾಡಿದ ಕಂಪನಿಯ ಎಚ್‌ಆರ್, “ನಿಮಗೆ ಜಾವಾದಲ್ಲಿ 5 ವರ್ಷ, ನೋಟಿಸ್ 30 ದಿನ, ಅಲ್ವಾ ಮೇಡಂ?” ಎನ್ನುತ್ತಾರೆ. ಕಂಪನಿ ಕೇಳಿದ್ದು 5 ವರ್ಷ ಮತ್ತು 30 ದಿನ. ಟ್ರ್ಯಾಕರ್‌ನಲ್ಲಿ ಇರುವುದೂ ಅದೇ. ಬೆರಳು ಜಾರಿ 90 ಎಂಬುದು 30 ಆಗಬಹುದು. ಆದರೆ ಎರಡೂ ಅಂಕಿ ಕಂಪನಿಯ ಬೇಡಿಕೆಗೆ ಸರಿಯಾಗಿ ಹೊಂದಿಕೊಂಡು ಕೂತಿದ್ದರೆ, ಯಾರೋ ಬೇಕೆಂದೇ ಬದಲಿಸಿರಬಹುದು ಎಂಬ ಅನುಮಾನ ಸಹಜ.

ಆ ಕ್ಷಣದಲ್ಲಿ “ಹೌದು” ಎಂದುಬಿಟ್ಟರೆ ರಿಕ್ರೂಟರ್ ಬರೆದ ಸುಳ್ಳು ಅವಳದೇ ಆಗುತ್ತದೆ. “ಇಲ್ಲ ಸರ್, ಜಾವಾ 3 ವರ್ಷ, ನೋಟಿಸ್ 90 ದಿನ. ಕನ್ಸಲ್ಟೆನ್ಸಿಯಿಂದ ಸರಿಪಡಿಸಿದ ವಿವರ ಕಳಿಸಲು ಹೇಳುತ್ತೇನೆ” ಎಂದರೆ ಸಾಕು. ರಿಕ್ರೂಟರ್ ಮೇಲೆ ದೂರು ಹೇಳುವ ಅಗತ್ಯವಿಲ್ಲ.

ಆಮೇಲೆ ರಿಕ್ರೂಟರ್‌ಗೆ ಫೋನ್ ಮಾಡಿ ತಿಳಿಸಬಹುದು, ಆದರೆ ಅಷ್ಟಕ್ಕೇ ನಿಲ್ಲಿಸಬಾರದು. “ಆಯ್ತು, ಹೇಳ್ತೀನಿ ಬಿಡಿ” ಎಂಬ ಮಾತಿಗೆ ದಾಖಲೆ ಇರುವುದಿಲ್ಲ. ಅದೇ ದಿನ ಇಮೇಲ್ ಹೋಗಬೇಕು. ಅದು ಹೋಗುವುದು ಇಂಗ್ಲಿಷಿನಲ್ಲೇ ಆದರೂ ಒಳಗಿನ ವಿಷಯ ಇಷ್ಟಿದ್ದರೆ ಸಾಕು:

“ನಮಸ್ಕಾರ ಮೇಡಂ. ಈ ಹುದ್ದೆಗೆ ಕಂಪನಿಗೆ ಹೋಗಿರುವ ನನ್ನ ವಿವರದಲ್ಲಿ ಎರಡು ತಪ್ಪುಗಳಿವೆ. ಜಾವಾ ಅನುಭವ 5 ವರ್ಷ ಎಂದಿದೆ. ಇರುವುದು 3 ವರ್ಷ. ನೋಟಿಸ್ 30 ದಿನ ಎಂದಿದೆ. ಇರುವುದು 90 ದಿನ. ಸರಿಯಾದ ರೆಸ್ಯೂಮೆ ಲಗತ್ತಿಸಿದ್ದೇನೆ. ದಯವಿಟ್ಟು ಸಂದರ್ಶನಕ್ಕೆ ಮೊದಲು ಕಂಪನಿಗೆ ತಿಳಿಸಿ, ಆ ಮೇಲ್‌ನಲ್ಲಿ ನನ್ನನ್ನೂ ಸೇರಿಸಿ. ನನ್ನ ಹೆಸರಿನಲ್ಲಿ ಕಳಿಸಿದ ರೆಸ್ಯೂಮೆಯ ಪ್ರತಿಯನ್ನೂ ಕಳಿಸಿಕೊಡಿ.”

ತಪ್ಪು ಯಾರದು ಎಂಬ ಮಾತೇ ಇದರಲ್ಲಿಲ್ಲ. ಆರೋಪ ಬಂದ ಕೂಡಲೇ ರಿಕ್ರೂಟರ್ ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ, ತಿದ್ದುಪಡಿ ಹಿಂದೆ ಬೀಳುತ್ತದೆ. ನಿಜವಾಗಿ ಮುಖ್ಯವಾದದ್ದು ಕೊನೆಯ ಎರಡು ಕೋರಿಕೆಗಳು. ಕನ್ಸಲ್ಟೆನ್ಸಿ ತನ್ನ ಕಡತದಲ್ಲಿ ತಿದ್ದಿಕೊಂಡರೆ ಕಂಪನಿಯ ಕಡತ ಬದಲಾಗುವುದಿಲ್ಲ. ಒಮ್ಮೆ ಸಲ್ಲಿಸಿದ ಪ್ರೊಫೈಲನ್ನು ಎಷ್ಟೋ ಪೋರ್ಟಲ್‌ಗಳಲ್ಲಿ ರಿಕ್ರೂಟರ್ ತಾವೇ ತಿದ್ದಲಾರರು. ಕಂಪನಿಯ ನೇಮಕಾತಿ ವಿಭಾಗಕ್ಕೇ ಬರೆದು ಕೇಳಬೇಕಾಗುತ್ತದೆ. ಹಾಗೆ ಬರೆದ ಮೇಲ್ ಕಣ್ಣಿಗೆ ಬಿದ್ದ ಮೇಲೆಯೇ ಕೆಲಸ ಆಯಿತು ಎನ್ನಬಹುದು.

“ಇವೆಲ್ಲ ಮಾಮೂಲು, ಆಫರ್ ಬಂದ ಮೇಲೆ ನೋಡಿಕೊಳ್ಳೋಣ” ಎಂದು ರಿಕ್ರೂಟರ್ ಸಮಾಧಾನ ಹೇಳಬಹುದು. ಈ ಮಾತನ್ನು ನಂಬಲೇಬಾರದು. ಆಫರ್ ಆಸುಪಾಸಿನಲ್ಲೇ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ರಿಲೀವಿಂಗ್ ಲೆಟರ್, ಸಂಬಳದ ಚೀಟಿ, ಫಾರ್ಮ್ 16 ಕೇಳುತ್ತಾರೆ. ಭವಿಷ್ಯನಿಧಿಯ ಯುಎಎನ್ ಖಾತೆಯಲ್ಲಿ ಪ್ರತಿ ಕಂಪನಿಗೆ ಸೇರಿದ, ಬಿಟ್ಟ ದಿನಾಂಕಗಳೇ ಇರುತ್ತವೆ. ಹೊಂದಾಣಿಕೆಯಾಗದಿದ್ದರೆ ಆಫರ್ ರದ್ದಾಗಬಹುದು. ಅಷ್ಟರಲ್ಲಿ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿದ್ದರೆ ಎರಡೂ ಹೋದವು. ರಿಕ್ರೂಟರ್‌ಗೂ ಇದರಲ್ಲಿ ನಷ್ಟವಿದೆ. ಕಾಯಂ ನೇಮಕಾತಿಯಲ್ಲಿ ಕನ್ಸಲ್ಟೆನ್ಸಿಯ ಶುಲ್ಕ ಸಾಮಾನ್ಯವಾಗಿ ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ. ಅದು ಕೈಸೇರುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ. ಪರಿಶೀಲನೆಯಲ್ಲಿ ಬಿದ್ದುಹೋದರೆ ಅವರಿಗೂ ಬಿಡಿಗಾಸಿಲ್ಲ ಎಂದು ಮೆತ್ತಗೆ ನೆನಪಿಸಿದರೆ ಕೆಲವೊಮ್ಮೆ ಕೆಲಸ ಬೇಗ ಆಗುತ್ತದೆ.

ಉತ್ತರವೇ ಬಾರದಿದ್ದರೆ ಮರುದಿನ ಅದೇ ಮೇಲ್‌ಗೆ ಮುಂದುವರಿಸಿ ನೆನಪಿಸಿ, ಅವರ ತಂಡದ ಮುಖ್ಯಸ್ಥರನ್ನೂ ಸೇರಿಸುವುದು ಸರಿ. ಸಂದರ್ಶನದ ದಿನವೂ ಬರದಿದ್ದರೆ, ಮೊದಲ ಪ್ರಶ್ನೆಗೇ ನಿಜವಾದ ವರ್ಷಗಳನ್ನು ಹೇಳಿ, ಸರಿಯಾದ ರೆಸ್ಯೂಮೆಯನ್ನು ಸಂದರ್ಶನದ ಆಹ್ವಾನ ಕಳಿಸಿದ ಕಂಪನಿಯ ವಿಳಾಸಕ್ಕೆ ತಾನೇ ಕಳಿಸಬಹುದು. ಇನ್ನೊಂದು ಕನ್ಸಲ್ಟೆನ್ಸಿಯಿಂದ ಹೊಸದಾಗಿ ಸಲ್ಲಿಸುವ ಯೋಚನೆ ಮಾತ್ರ ಬೇಡ. ಇಮೇಲ್, ಫೋನ್ ನಂಬರ್ ನೋಡಿ ಪೋರ್ಟಲ್ ಅದನ್ನು ನಕಲು ಎಂದು ತಳ್ಳಬಹುದು, ತಪ್ಪಿರುವ ಮೊದಲಿನದೇ ಉಳಿದುಬಿಡುತ್ತದೆ.

ಸತ್ಯ ಹೇಳಿದ್ದರಿಂದ ಈ ಹುದ್ದೆ ಕೈತಪ್ಪಲೂಬಹುದು. 5 ವರ್ಷ ಖಡಾಖಂಡಿತ ಬೇಕೆನ್ನುವ ಕಂಪನಿ 3 ವರ್ಷದವಳನ್ನು ಬಿಟ್ಟುಬಿಡುತ್ತದೆ. ಆದರೆ ಅದೇ ಕಂಪನಿಯಲ್ಲಿ 3 ವರ್ಷದ ಹುದ್ದೆ ತೆರೆದಾಗ, ಅವಳ ಹೆಸರಿನ ಮುಂದೆ “ವಿವರ ಸುಳ್ಳು” ಎಂಬ ಟಿಪ್ಪಣಿ ಇರುವುದಿಲ್ಲ.