ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು

ತಿಪಟೂರಿನಂಥ ಊರಿನಲ್ಲಿ ಬೋರ್‌ವೆಲ್ ಮೋಟರು, ಕೇಬಲ್ಲು, ಸ್ಟಾರ್ಟರ್ ಮಾರುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ಅಪ್ಪ ಗಲ್ಲಾಪೆಟ್ಟಿಗೆಯ ಮೇಲೆ, ಮಗ ಮೊಬೈಲಿನ ಮೇಲೆ. 2025ರ ಡಿಸೆಂಬರ್ 10ರಂದು ಬೆಂಗಳೂರಿನ ಹೋಲ್‌ಸೇಲ್ ವ್ಯಾಪಾರಿಯಿಂದ ಕೇಬಲ್ ಬಂತು. ಸರಕಿನ ಬೆಲೆ 1,20,000 ರೂಪಾಯಿ, ಶೇ 18ರ ಜಿಎಸ್‌ಟಿ 21,600, ಒಟ್ಟು 1,41,600. ಎರಡು ತಿಂಗಳ ಉದ್ದರಿ. ವಸೂಲಿಗೆ ಬಂದ ಸೇಲ್ಸ್‌ಮನ್ ಕೈಗೆ ಅಪ್ಪ ಫೆಬ್ರುವರಿ 9ರ ತಾರೀಖು ಹಾಕಿದ ಚೆಕ್ ಬರೆದುಕೊಟ್ಟರು. ಚೆಕ್ ಪುಸ್ತಕದ ಪಕ್ಕದ ಚೀಟಿಯಲ್ಲಿ ಗುರುತು ಹಾಕಿಕೊಂಡರು, ಲೆಡ್ಜರಿಗೆ ಏರಿಸಲಿಲ್ಲ. ಫೆಬ್ರುವರಿ 6ರಂದು ಹೋಲ್‌ಸೇಲ್ ಅಂಗಡಿಯ ಬೇರೊಬ್ಬ ಗುಮಾಸ್ತ ಫೋನ್ ಮಾಡಿ, ‘ಡಿಸೆಂಬರ್ ಬಿಲ್ ಹಾಗೇ ಇದೆಯಲ್ಲ ಸಾರ್’ ಎಂದ. ಮಗ ಕಂಪ್ಯೂಟರ್ ನೋಡಿದ. ಬಾಕಿ ಇದೆ ಎಂದೇ ತೋರಿಸಿತು. ಕೂತಲ್ಲೇ ನೆಫ್ಟ್ ಮಾಡಿದ. ಮೂರು ದಿನ ಕಳೆದ ಮೇಲೆ ಚೆಕ್ ಕೂಡ ಪಾಸಾಯಿತು.

ಈ ಲೆಕ್ಕ ನಾನು ಕಟ್ಟಿಕೊಂಡದ್ದು, ಆದರೆ ಮೋಸವೇನೂ ಇಲ್ಲದೆ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗುವ ದಾರಿಗಳಲ್ಲಿ ಸಣ್ಣ ಅಂಗಡಿಗಳಿಗೆ ಬಹಳ ಪರಿಚಿತವಾದದ್ದು ಇದೇ. ಮುಂದಿನ ತಾರೀಖಿನ ಚೆಕ್ ಒಬ್ಬರ ಕೈಯಿಂದ, ಬ್ಯಾಂಕ್ ವರ್ಗಾವಣೆ ಇನ್ನೊಬ್ಬರ ಕೈಯಿಂದ. ಬಿಲ್ಲಿನ ಅಸಲು ಪ್ರತಿಗೆ ಒಮ್ಮೆ, ವಾಟ್ಸಾಪಿನಲ್ಲಿ ಬಂದ ಪಿಡಿಎಫ್‌ಗೆ ಇನ್ನೊಮ್ಮೆ ಕೊಡುವುದೂ ಇದೇ ಜಾತಿಯ ತಪ್ಪು. ಮೂರು ದಿನಗಳ ಆ ಸಂದಿಯಲ್ಲಿ ಗೊತ್ತಾಗಿದ್ದರೆ ಬ್ಯಾಂಕಿಗೆ ಹೇಳಿ ಚೆಕ್ ತಡೆಹಿಡಿಸಬಹುದಿತ್ತು. ಚೆಕ್ ಬ್ಯಾಂಕಿಗೆ ಬಿದ್ದ ಮೇಲೆ ಸಮಯವಿಲ್ಲ. 2025ರ ಅಕ್ಟೋಬರ್‌ನಿಂದ ಚೆಕ್ ಕ್ಲಿಯರಿಂಗ್ ಹಗಲಿಡೀ ನಡೆಯುವುದರಿಂದ ಬೆಳಗ್ಗೆ ಹಾಕಿದ್ದು ಅಂದೇ ಪಾಸಾಗುತ್ತದೆ. ನೆಫ್ಟ್ ಹಣವನ್ನು ನಿಮ್ಮ ಬ್ಯಾಂಕು ತಾನಾಗಿ ಹಿಂದಕ್ಕೆ ಎಳೆಯಲಾರದು. ಸರಿಯಾದ ಖಾತೆಗೇ ಹೋಗಿದೆ, ಪಡೆದವನು ಒಪ್ಪಿ ವಾಪಸ್ ಕಳಿಸಬೇಕು.

ಇಷ್ಟು ದೊಡ್ಡ ಮೊತ್ತ ಹೋದದ್ದು ಗೊತ್ತೇ ಆಗದಿರುತ್ತದೆಯೇ? ಆಗದಿರುತ್ತದೆ. ದಿನನಿತ್ಯ ಕೊಡು-ಕೊಳ್ಳುವಿಕೆ ಇರುವ ಖಾತೆಯಲ್ಲಿ ಹೆಚ್ಚಾದ ಹಣ ಮುಂದಿನ ಬಿಲ್ಲುಗಳ ಅಡಿಯಲ್ಲಿ ಅಡಗಿಬಿಡುತ್ತದೆ. ನಮ್ಮ ಅಂಗಡಿ ಮಾರ್ಚ್ 2ರಂದು ಮತ್ತೆ 59,000 ರೂಪಾಯಿಯ ಸರಕು ತರಿಸಿತು. ಬೆಂಗಳೂರಿನವನ ಪುಸ್ತಕದಲ್ಲಿ ಆ ಬಿಲ್ ಹಳೆಯ ಜಮಾದಲ್ಲಿ ತಾನಾಗಿ ವಜಾ ಆಯಿತು. ಅವನು ಕೇಳಲಿಲ್ಲ, ಇವರು ‘ಪರವಾಗಿಲ್ಲ, ಈ ಸಲ ಒತ್ತಾಯ ಮಾಡ್ತಿಲ್ಲ’ ಎಂದು ಸಮಾಧಾನಪಟ್ಟುಕೊಂಡರು. ವಸೂಲಿಗೆ ಪ್ರತಿವಾರ ಫೋನ್ ಮಾಡುವ ವ್ಯಾಪಾರಿ ಇದ್ದಕ್ಕಿದ್ದಂತೆ ಸುಮ್ಮನಾದರೆ ಅದನ್ನು ಸೌಜನ್ಯ ಎಂದುಕೊಳ್ಳುವ ಮೊದಲು ಲೆಡ್ಜರ್ ತೆಗೆದು ನೋಡುವುದು ಒಳ್ಳೆಯದು.

ಏಪ್ರಿಲ್‌ನಲ್ಲಿ ವರ್ಷದ ಲೆಕ್ಕ ಮುಗಿಸಲು ಕುಳಿತ ಅಕೌಂಟೆಂಟ್ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಚೆಕ್ಕನ್ನೂ ಪುಸ್ತಕಕ್ಕೆ ಏರಿಸಿದಾಗ ಗುಟ್ಟು ರಟ್ಟಾಯಿತು. ಸರಕು ಕೊಟ್ಟವನ ಖಾತೆ ನಮ್ಮ ಪುಸ್ತಕದಲ್ಲಿ ಸಾಮಾನ್ಯವಾಗಿ ಕ್ರೆಡಿಟ್ ಬ್ಯಾಲೆನ್ಸ್ ತೋರಿಸಬೇಕು, ಅಂದರೆ ನಾವು ಅವನಿಗೆ ಕೊಡಬೇಕು. ಇಲ್ಲಿ 59,000 ಕೊಡಬೇಕಾದಲ್ಲಿ 82,600 ಡೆಬಿಟ್ ನಿಂತಿತ್ತು. ಅಂದರೆ ಅವನೇ ನಮಗೆ ಕೊಡಬೇಕು. ಮುಂಗಡ ಕೊಟ್ಟಿಲ್ಲ, ಸರಕು ವಾಪಸ್ ಮಾಡಿಲ್ಲ ಎಂದಾದರೆ ಡೆಬಿಟ್ ನಿಂತ ಇಂಥ ಖಾತೆಗೆ ಒಂದೋ ಎರಡು ಸಲ ಹಣ ಹೋಗಿದೆ, ಇಲ್ಲವೇ ಒಂದು ಬಿಲ್ ಪುಸ್ತಕಕ್ಕೆ ಏರಿಲ್ಲ.

ಯಾವುದು ಎಂದು ತಿಳಿಯಲು ಜಿಎಸ್‌ಟಿ ಪೋರ್ಟಲ್‌ನ ಜಿಎಸ್‌ಟಿಆರ್-2ಬಿ ಸಾಕು. ನಿಮಗೆ ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳೆಲ್ಲ ಪ್ರತಿ ತಿಂಗಳು 14ರಂದು ಅಲ್ಲಿ ಸಿದ್ಧವಾಗುತ್ತವೆ. ಡಿಸೆಂಬರ್ ಪಟ್ಟಿಯಲ್ಲಿ ಆ ಕೇಬಲ್ ಬಿಲ್ ಒಂದೇ ಸಲ ಇದ್ದು, ಬ್ಯಾಂಕಿನಲ್ಲಿ ಎರಡು ಸಲ ಹಣ ಹೋಗಿದ್ದರೆ, ತಪ್ಪು ಹಣ ಕೊಟ್ಟದ್ದರಲ್ಲಿ ಮಾತ್ರ. ಒಂದೇ ಸರಕಿಗೆ ಬೇರೆ ಬೇರೆ ನಂಬರಿನ ಎರಡು ಬಿಲ್ಲುಗಳೇ ಅಲ್ಲಿ ಕಂಡರೆ, ತಪ್ಪು ಬಿಲ್ ಮಾಡಿದ್ದರಲ್ಲಿ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಗೋಜಲಾಗುವುದು ಇಲ್ಲೇ.

ಹೆಚ್ಚಿಗೆ ಬಂದಿದೆ ಎಂದು ಹೇಳಿದ ಕೂಡಲೇ ಆ ಕಡೆಯ ಗುಮಾಸ್ತನ ಬಾಯಿಂದ ಬರುವ ಮೊದಲ ಮಾತು, ‘ಕ್ರೆಡಿಟ್ ನೋಟ್ ಹಾಕಿಬಿಡ್ತೀನಿ ಬಿಡಿ ಸಾರ್.’ ಕೇಳಲು ಹಿತವಾಗಿದೆ. ಆದರೆ ಅವನು ಹಾಕಲಿರುವುದು ಯಾವ ಕ್ರೆಡಿಟ್ ನೋಟ್ ಎಂದು ಕೇಳಲೇಬೇಕು. ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನ ಕ್ರೆಡಿಟ್ ನೋಟ್ ಇರುವುದು ಬಿಲ್ಲಿನಲ್ಲಿ ಬೆಲೆಯೋ ತೆರಿಗೆಯೋ ಹೆಚ್ಚಾಗಿದ್ದಾಗ, ಸರಕು ವಾಪಸಾದಾಗ, ಕೊಟ್ಟದ್ದರಲ್ಲಿ ಕೊರತೆ ಇದ್ದಾಗ. ನಮ್ಮ ಕತೆಯಲ್ಲಿ ಬಿಲ್ ಸರಿಯಾಗಿದೆ, ಸರಕು ಬಂದಿದೆ, ತೆರಿಗೆಯೂ ಸರಿ. ಅವನು 1,20,000ಕ್ಕೆ 21,600 ತೆರಿಗೆ ಸೇರಿಸಿ ಜಿಎಸ್‌ಟಿ ಕ್ರೆಡಿಟ್ ನೋಟ್ ಮಾಡಿದರೆ ಏನಾಗುತ್ತದೆ ನೋಡಿ: ಅವನ ತೆರಿಗೆ 21,600 ತಗ್ಗುತ್ತದೆ. ಅದು ನಿಮ್ಮ 2ಬಿಯಲ್ಲಿ ಬಂದು ಕೂರುತ್ತದೆ, ನೀವು ಪಡೆದ ಇನ್‌ಪುಟ್ ಕ್ರೆಡಿಟ್‌ನಲ್ಲಿ ಅಷ್ಟನ್ನೂ ಬಿಟ್ಟುಕೊಡಬೇಕಾಗುತ್ತದೆ. ಕಾಗದದ ಮೇಲೆ ಕೇಬಲ್ ವ್ಯಾಪಾರ ನಡೆದೇ ಇಲ್ಲ ಎಂದಾಗುತ್ತದೆ, ಅಂಗಡಿಯಲ್ಲಿ ಮಾತ್ರ ಕೇಬಲ್ ಇರುತ್ತದೆ. ನಿಮ್ಮದೇ ಹಣ ವಾಪಸ್ ಪಡೆಯುವ ಭರದಲ್ಲಿ 21,600 ರೂಪಾಯಿ ಕೈಬಿಟ್ಟಂತೆ. ಹಾಗೇನಾದರೂ ಬಂದುಬಿಟ್ಟರೆ ಪೋರ್ಟಲ್‌ನ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ವ್ಯವಸ್ಥೆಯಲ್ಲಿ ಅದನ್ನು ತಿರಸ್ಕರಿಸಬಹುದು. ಆದರೆ ಹಾಗೆ ಮಾಡಿದರೆ ಅವನ ತೆರಿಗೆ ಹೊಣೆ ಮತ್ತೆ ಏರುತ್ತದೆ. ಜಗಳ ಬೇಡವೆಂದರೆ ಮೊದಲೇ ಮಾತಾಡಿಕೊಳ್ಳಬೇಕು.

ಇಲ್ಲಿ ಬೇಕಾದದ್ದು ತೆರಿಗೆಯ ಸೋಂಕಿಲ್ಲದ ಬರೀ ಲೆಕ್ಕದ ಕ್ರೆಡಿಟ್ ನೋಟ್. ‘ಇಂಥ ಬಿಲ್ಲಿಗೆ ಎರಡು ಸಲ ಬಂದಿದೆ, ನಿಮ್ಮ ಖಾತೆಯಲ್ಲಿ 1,41,600 ಜಮಾ ಇದೆ’ ಎಂಬ ಒಂದು ಸಹಿ ಮಾಡಿದ ಪತ್ರ. ಅದರಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸಾಲುಗಳಿರಬಾರದು. ಅದು ಅವನ ರಿಟರ್ನಿಗೂ ಹೋಗುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಹೊಸ ನಮೂದೂ ಬೇಡ, ಎರಡೂ ಪಾವತಿಗಳು ಅವನ ಖಾತೆಯಲ್ಲಿ ಬಿದ್ದಿರುವುದರಿಂದ ಜಮಾ ತಾನಾಗೇ ಇದೆ. ಟ್ಯಾಲಿಯಲ್ಲಿ ಬರೆಯುವವರು ಎರಡನೆಯ ಪಾವತಿಯನ್ನು ಹಳೆ ಬಿಲ್ಲಿನ ಎದುರು `Agst Ref` ಎಂದು ಬಿಡದೆ `On Account` ಎಂದು ಇಟ್ಟರೆ ಅದು ಎದ್ದು ಕಾಣುತ್ತದೆ.

ಎರಡು ಬಿಲ್ಲೇ ಆಗಿದ್ದರೆ ಮಾತು ಬೇರೆ. ಆಗ ತೆರಿಗೆ ಸಹಿತ ಜಿಎಸ್‌ಟಿ ಕ್ರೆಡಿಟ್ ನೋಟ್ ಬೇಕೇ ಬೇಕು, ಎರಡನೆಯ ಬಿಲ್ಲಿನ ಮೇಲೆ ನೀವು ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಹಿಂದಿರುಗಿಸಲೂ ಬೇಕು. ಅದಕ್ಕೆ ಗಡುವಿದೆ: ಸರಕು ಕೊಟ್ಟ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30, ಅಥವಾ ಅವನು ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. 2025ರ ಡಿಸೆಂಬರ್ ಬಿಲ್ಲಿಗೆ ಅಂದರೆ 2026ರ ನವೆಂಬರ್ 30ರೊಳಗೆ. ಅದು ದಾಟಿದರೆ ಅವನು ಕಟ್ಟಿದ ತೆರಿಗೆಯನ್ನು ಆ ದಾರಿಯಲ್ಲಿ ತಗ್ಗಿಸಿಕೊಳ್ಳಲಾರ. ‘ಸರಕಿನ ಬೆಲೆ ಮಾತ್ರ ಕೊಡ್ತೀನಿ, ಟ್ಯಾಕ್ಸ್ ನನ್ನ ಕೈಯಲ್ಲಿಲ್ಲ’ ಎಂಬ ಚೌಕಾಸಿ ಶುರುವಾಗುವುದು ಅಲ್ಲಿಂದ.

ಈಗ ಕೇಳುವ ಬಗೆ. ಮೊದಲು ಫೋನಿನಲ್ಲಿ ಆಪಾದನೆ ಮಾಡದೆ, ಡಿಸೆಂಬರ್‌ನಿಂದ ಇತ್ತೀಚಿನವರೆಗಿನ ನಮ್ಮ ಖಾತೆಯ ಪ್ರತಿ ಕಳಿಸಿ ಎಂದು ಕೇಳಬೇಕು. ವರ್ಷಾಂತ್ಯದಲ್ಲಿ ಎಲ್ಲರೂ ಕೇಳುವುದರಿಂದ ಯಾರಿಗೂ ಅನುಮಾನವಾಗದು. ಆ ಪ್ರತಿಯಲ್ಲಿ ಎರಡೂ ಪಾವತಿ ಕಂಡರೆ ಕೆಲಸ ಅರ್ಧ ಮುಗಿಯಿತು. ಒಂದೇ ಕಂಡರೆ ಇನ್ನೊಂದು ಅವನ ಬ್ಯಾಂಕಿನಲ್ಲಿ ಹೆಸರು ತಿಳಿಯದ ಜಮೆಯಾಗಿಯೋ ಬೇರೊಬ್ಬ ಗಿರಾಕಿಯ ಖಾತೆಯಲ್ಲೋ ಕೂತಿರುತ್ತದೆ. ಅದನ್ನು ಹುಡುಕಲು ನೆಫ್ಟ್‌ನ ಯುಟಿಆರ್ ನಂಬರು ಬೇಕು, ‘ಆರನೇ ತಾರೀಖು ಹಾಕಿದ್ವಲ್ಲ’ ಎಂದರೆ ಸಾಲದು. ಆಮೇಲೆ ಒಂದು ಪತ್ರ: ಬಿಲ್ ನಂಬರು, ಚೆಕ್ ನಂಬರು, ಯುಟಿಆರ್, ಎರಡೂ ದಿನಾಂಕ, ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಎರಡು ಸಾಲುಗಳು.

ವಾಪಸ್ ಕೇಳಬೇಕೋ, ಮುಂದಿನ ಬಿಲ್ಲಿಗೆ ವಜಾ ಮಾಡಿಕೊಳ್ಳಬೇಕೋ? ಹೋಲ್‌ಸೇಲಿನವನು ವಜಾ ಎನ್ನುತ್ತಾನೆ. ಹಣವೂ ಉಳಿಯುತ್ತದೆ, ಗಿರಾಕಿಯೂ ಉಳಿಯುತ್ತಾನೆ. ತಿಂಗಳಿಗೊಮ್ಮೆ ಸರಕು ತರಿಸುವವರಿಗೆ ಅದರಲ್ಲಿ ತೊಂದರೆಯಿಲ್ಲ. ಮಳೆಗಾಲದಲ್ಲಿ ಬೋರ್‌ವೆಲ್ ಸಾಮಾನಿನ ವ್ಯಾಪಾರ ತಣ್ಣಗಾಗುತ್ತದೆ ಎಂದಾದರೆ 82,600 ರೂಪಾಯಿ ಬಡ್ಡಿಯಿಲ್ಲದೆ ಬೆಂಗಳೂರಿನಲ್ಲಿ ಮಲಗಿರುತ್ತದೆ, ಇತ್ತ ನಿಮ್ಮ ಓವರ್‌ಡ್ರಾಫ್ಟ್‌ಗೆ ಬಡ್ಡಿ ಓಡುತ್ತಿರುತ್ತದೆ. ವ್ಯಾಪಾರಿಯ ಪರಿಸ್ಥಿತಿ ಅಲುಗಾಡುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದಿದ್ದರಂತೂ ವಜಾದ ಮಾತೇ ಬೇಡ. ಅವನು ಬಾಗಿಲು ಹಾಕಿದರೆ ನೀವು ಸಾಲಗಾರರ ಸಾಲಿನ ಕೊನೆಯಲ್ಲಿ ನಿಂತಿರುತ್ತೀರಿ. ನಮ್ಮ ಅಂಗಡಿಯವರು ಎರಡನ್ನೂ ಮಾಡಿಕೊಂಡರು: ಮಾರ್ಚಿನ 59,000 ವಜಾ, ಉಳಿದ 82,600 ಬ್ಯಾಂಕಿಗೆ. ಯಾವುದೇ ದಾರಿಯಾದರೂ ಹೇಳದೆ ಕೇಳದೆ ಮುಂದಿನ ಬಿಲ್ಲಿನಲ್ಲಿ ಹಿಡಿದುಕೊಳ್ಳುವುದು ತರವಲ್ಲ. ಅವನ ಪುಸ್ತಕದಲ್ಲಿ ಅದು ಬಾಕಿ ಎಂದು ನಿಲ್ಲಬಹುದು, ಮುಂದಿನ ಲೋಡು ತಡವಾಗಬಹುದು. ಸೇಲ್ಸ್‌ಮನ್ ಕೈಯಲ್ಲಿ ನಗದಾಗಿ ಕೊಡುತ್ತೇನೆ ಎಂದರೂ ಬೇಡ. ಬ್ಯಾಂಕಿನಿಂದ ಹೋದದ್ದು ಬ್ಯಾಂಕಿಗೇ ಬರಲಿ.

ಕೊಡುವುದೇ ಇಲ್ಲ ಎಂದರೆ? ತಪ್ಪಿನಿಂದ ಬಂದ ಹಣವನ್ನು ಪಡೆದವನು ಹಿಂದಿರುಗಿಸಬೇಕು ಎಂದು ಭಾರತೀಯ ಕರಾರು ಕಾಯ್ದೆಯ 72ನೇ ಕಲಮು ಹೇಳುತ್ತದೆ. ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಅವಧಿ. ತಪ್ಪು ತಿಳಿದ ದಿನದಿಂದ, ಅಥವಾ ತಕ್ಕಮಟ್ಟಿಗೆ ಎಚ್ಚರದಿಂದಿದ್ದರೆ ತಿಳಿಯಬಹುದಾಗಿದ್ದ ದಿನದಿಂದ ಎಣಿಕೆ. ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರತಿ ತಿಂಗಳು ಕೈಗೆ ಬರುವ ಅಂಗಡಿಗೆ ‘ಈಗಷ್ಟೇ ಗೊತ್ತಾಯಿತು’ ಎನ್ನುವುದು ಕಷ್ಟ, ಆದ್ದರಿಂದ ಹಣ ಹೋದ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ಆ ಅವಧಿಯೊಳಗೆ ಅವನು ಬಾಕಿಯನ್ನು ಒಪ್ಪಿ ಸಹಿ ಹಾಕಿಕೊಟ್ಟರೆ ಎಣಿಕೆ ಅಂದಿನಿಂದ ಹೊಸದಾಗಿ ಶುರು. ವರ್ಷಾಂತ್ಯದ ಖಾತೆ ಪ್ರತಿಗೆ ಸಹಿ, ಸೀಲು ಹಾಕಿಸಿಕೊಳ್ಳುವ ಹಳೆಯ ರೂಢಿಗೆ ಇಂಥ ಹೊತ್ತಿನಲ್ಲಿ ಬೆಲೆ ಬರುತ್ತದೆ. ಎಂಬತ್ತು ಸಾವಿರಕ್ಕೆ ಕೋರ್ಟಿಗೆ ಹೋಗುವವರು ಕಡಿಮೆ. ಲಾಯರ್ ನೋಟಿಸಿಗಿಂತ ಅದೇ ಪೇಟೆಯ ಹಿರಿಯ ವ್ಯಾಪಾರಿಯೊಬ್ಬರ ಮಾತು ಬೇಗ ನಾಟುತ್ತದೆ ಎಂಬುದು ನನ್ನ ನಂಬಿಕೆ.

ಹಣ ಬಂದ ದಿನ ಅದನ್ನು ‘ಇತರ ಆದಾಯ’ ಎಂದು ಬರೆದುಬಿಟ್ಟರೆ ನಿಮ್ಮದೇ ಹಣದ ಮೇಲೆ ಆದಾಯ ತೆರಿಗೆ ಕಟ್ಟಬೇಕಾದೀತು. ಅದು ಆ ವ್ಯಾಪಾರಿಯ ಖಾತೆಗೇ ರಸೀತಿಯಾಗಿ ಹೋಗಬೇಕು, 82,600ರ ಡೆಬಿಟ್ ಸೊನ್ನೆಯಾಗಬೇಕು. ಮಾರ್ಚ್ 31ಕ್ಕೆ ಹಣ ಬಂದಿರಲಿಲ್ಲವಾದ್ದರಿಂದ ಆ ವರ್ಷದ ಬ್ಯಾಲೆನ್ಸ್ ಶೀಟಿನಲ್ಲಿ ಅದು ಬರಬೇಕಾದ ಬಾಕಿಯಾಗಿ ಆಸ್ತಿಯ ಕಡೆ ಕಾಣಿಸುತ್ತದೆ. ಬೇರೆಯವರಿಗೆ ಕೊಡಬೇಕಾದ ಮೊತ್ತದೊಳಗೆ ಕಳೆದು ಮುಚ್ಚುವಂತಿಲ್ಲ.