ಕಚೇರಿ ತಂತ್ರಾಂಶದ ಪರವಾನಗಿ: ಒಂದು ಟಿ.ಬಿ. ಸ್ಥಳ ಯಾರ ಹೆಸರಿನಲ್ಲಿದೆ?

ಗ್ರಾಮ ಪಂಚಾಯಿತಿಗೆ ಹೊಸ ಗಣಕಯಂತ್ರ ಖರೀದಿಸಿದಾಗ ಸಾಮಾನ್ಯ ಸಭೆಯ ಮುಂದೆ ಬರುವ ಬಿಲ್ಲಿನಲ್ಲಿ ಯಂತ್ರ, ಪ್ರಿಂಟರ್, ಯು.ಪಿ.ಎಸ್. ಇವುಗಳ ಕೆಳಗೆ ‘ಎಂ.ಎಸ್. ಆಫೀಸ್’ ಎಂಬ ಸಾಲೊಂದು ಇರುತ್ತದೆ. ಸದಸ್ಯರು ಸಾಮಾನ್ಯವಾಗಿ ಆ ಸಾಲಿನ ಮೊತ್ತವನ್ನು ನೋಡುತ್ತಾರೆಯೇ ಹೊರತು ಅದು ಯಾವ ಆಫೀಸ್ ಎಂದು ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಮಾತ್ರ ಅದೇ. ಪಂಚತಂತ್ರ, ಇ-ಸ್ವತ್ತು ಮೊದಲಾದವುಗಳ ದತ್ತಾಂಶವು ಸರ್ಕಾರದ ಸರ್ವರ್‌ನಲ್ಲಿರುವುದರಿಂದ ಅವುಗಳಿಗೆ ಈ ಪ್ರಶ್ನೆ ತಟ್ಟುವುದಿಲ್ಲ. ಆದರೆ ಸಭಾ ನೋಟೀಸು, ನಡವಳಿಯ ಕರಡು, ಫಲಾನುಭವಿಗಳ ಪಟ್ಟಿ, ಕಾಮಗಾರಿಯ ಛಾಯಾಚಿತ್ರ ಇವೆಲ್ಲವೂ ವರ್ಡ್, ಎಕ್ಸೆಲ್ ಮತ್ತು ಒನ್‌ಡ್ರೈವ್‌ಗಳಲ್ಲಿಯೇ ಉಳಿದಿರುತ್ತವೆ.

ಮೈಕ್ರೋಸಾಫ್ಟ್ ಸಂಸ್ಥೆಯ ವಾರ್ಷಿಕ ಚಂದಾದಲ್ಲಿ ಎರಡು ಕವಲುಗಳಿವೆ. ಪರ್ಸನಲ್ ಮತ್ತು ಫ್ಯಾಮಿಲಿ ಎಂಬವು ಮನೆಬಳಕೆಯ ಪರವಾನಗಿಗಳು. ಬಿಸಿನೆಸ್ ಬೇಸಿಕ್, ಬಿಸಿನೆಸ್ ಸ್ಟ್ಯಾಂಡರ್ಡ್ ಮುಂತಾದವು ಸಂಸ್ಥೆಗಳ ಪರವಾನಗಿಗಳು. ಮನೆಬಳಕೆಯ ಸೇವೆಗಳು ವೈಯಕ್ತಿಕ ಹಾಗೂ ವಾಣಿಜ್ಯೇತರ ಬಳಕೆಗೆ ಮಾತ್ರ ಎಂದು ಸಂಸ್ಥೆಯ ಸೇವಾ ಒಪ್ಪಂದದಲ್ಲಿ ಹೇಳಲಾಗಿದೆ. ‘ಪಂಚಾಯಿತಿ ಲಾಭ ಗಳಿಸುವ ಅಂಗಡಿಯಲ್ಲವಲ್ಲ, ಹಾಗಾಗಿ ನಮ್ಮದು ವಾಣಿಜ್ಯೇತರವೇ’ ಎಂಬ ವಾದ ಇಲ್ಲಿ ಬರುವುದು ಸಹಜ. ಆದರೆ ಷರತ್ತಿನಲ್ಲಿ ವಾಣಿಜ್ಯೇತರ ಎಂಬುದರ ಜೊತೆಗೆ ವೈಯಕ್ತಿಕ ಎಂಬ ಪದವೂ ಇದೆ. ಕಚೇರಿಯ ಕೆಲಸ ಯಾರ ವೈಯಕ್ತಿಕ ಕೆಲಸವೂ ಅಲ್ಲ. ಹಲವು ಲ್ಯಾಪ್‌ಟಾಪ್‌ಗಳೊಂದಿಗೆ ಬಂದಿರುವ ಹೋಮ್ ಅಂಡ್ ಸ್ಟೂಡೆಂಟ್ ಆವೃತ್ತಿಯ ಷರತ್ತು ಇನ್ನೂ ಸ್ಪಷ್ಟವಾಗಿದ್ದು, ಲಾಭರಹಿತ ಚಟುವಟಿಕೆಯನ್ನೂ ಆದಾಯ ತರುವ ಚಟುವಟಿಕೆಯನ್ನೂ ಹೆಸರಿಸಿಯೇ ಹೊರಗಿಟ್ಟಿದೆ. ಕಂದಾಯದ ಬೇಡಿಕೆ ಪಟ್ಟಿ ಸಿದ್ಧಪಡಿಸುವ ಯಂತ್ರಕ್ಕೆ ಆ ಆವೃತ್ತಿ ಸಲ್ಲದು. ಯಂತ್ರದೊಂದಿಗೆ ಉಚಿತವಾಗಿ ಬಂದಿತು ಎಂಬ ಕಾರಣಕ್ಕೆ ಷರತ್ತು ಸಡಿಲವಾಗುವುದಿಲ್ಲ.

ಇನ್ನು ಸಂಗ್ರಹಣೆಯ ವಿಷಯ. ಇಲ್ಲಿ ಅಂಗಡಿಯವರ ಮಾತು ದಾರಿ ತಪ್ಪಿಸುವಂತಿರುತ್ತದೆ. ಪರ್ಸನಲ್ ಚಂದಾದಲ್ಲಿ ಒಬ್ಬರಿಗೆ 1 ಟಿ.ಬಿ. ಸ್ಥಳ ದೊರೆಯುತ್ತದೆ. ಫ್ಯಾಮಿಲಿಯಲ್ಲಿ 6 ಮಂದಿಯವರೆಗೆ ತಲಾ 1 ಟಿ.ಬಿ. ದೊರೆಯುತ್ತದೆ. ಬಿಸಿನೆಸ್ ಬೇಸಿಕ್ ಮತ್ತು ಸ್ಟ್ಯಾಂಡರ್ಡ್‌ನಲ್ಲಿಯೂ ಪ್ರತಿ ಬಳಕೆದಾರರಿಗೆ ಒನ್‌ಡ್ರೈವ್‌ನಲ್ಲಿ ಸಿಗುವುದು 1 ಟಿ.ಬಿ.ಯೇ. ಸಂಖ್ಯೆಗಳನ್ನಷ್ಟೇ ನೋಡಿದರೆ ಫ್ಯಾಮಿಲಿ ಅಗ್ಗವೆಂದು ತೋರುತ್ತದೆ. ಆದರೆ ಆ 6 ಟಿ.ಬಿ. ಒಂದೇ ಉಗ್ರಾಣವಲ್ಲ, 6 ಬೇರೆ ಬೇರೆ ಬೀಗಗಳ 6 ಪೆಟ್ಟಿಗೆಗಳು. ಒಬ್ಬರ ಉಳಿಕೆ ಸ್ಥಳವನ್ನು ಇನ್ನೊಬ್ಬರು ಬಳಸಲಾಗದು. ಚಂದಾ ಕಟ್ಟಿದವರಿಗೂ ಉಳಿದವರ ಪೆಟ್ಟಿಗೆಯೊಳಗೆ ಪ್ರವೇಶವಿಲ್ಲ. ವ್ಯತ್ಯಾಸವಿರುವುದು ಸ್ಥಳದ ಅಳತೆಯಲ್ಲಲ್ಲ, ಕೀಲಿಕೈ ಯಾರ ಬಳಿ ಇದೆ ಎಂಬುದರಲ್ಲಿ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ, ಲೆಕ್ಕ ಸಹಾಯಕ ಮತ್ತು ಡಾಟಾ ಎಂಟ್ರಿ ಆಪರೇಟರ್ ಹೀಗೆ ನಾಲ್ವರು ಫ್ಯಾಮಿಲಿ ಚಂದಾವನ್ನು ತಮ್ಮ ತಮ್ಮ ಸ್ವಂತ ಇ-ಮೇಲ್ ಖಾತೆಗಳಲ್ಲಿ ಬಳಸುತ್ತಿದ್ದಾರೆಂದು ಭಾವಿಸಿ. ಆಪರೇಟರ್ ತಿಂಗಳಿಗೆ 1,000 ಛಾಯಾಚಿತ್ರಗಳನ್ನು ಸೇರಿಸುತ್ತಾರೆ. ಒಂದು ಚಿತ್ರಕ್ಕೆ 4 ಎಂ.ಬಿ. ಹಿಡಿದರೆ ತಿಂಗಳಿಗೆ ಸುಮಾರು 4 ಜಿ.ಬಿ., ವರ್ಷಕ್ಕೆ ಸುಮಾರು 48 ಜಿ.ಬಿ. ಆಗುತ್ತದೆ. 1 ಟಿ.ಬಿ.ಯಲ್ಲಿ ಇದು ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಸ್ಥಳ ಸಾಲದೆಂಬ ಚಿಂತೆ ಯಾರಿಗೂ ಬೇಡ. ವರ್ಷದ ಕೊನೆಗೆ ಆಪರೇಟರ್ ಕೆಲಸ ಬಿಡುತ್ತಾರೆ, ಅವರ ಹೆಸರನ್ನು ಚಂದಾದಿಂದ ತೆಗೆಯಲಾಗುತ್ತದೆ. ಆ ಖಾತೆಯ ಮಿತಿ ಕೂಡಲೇ ಉಚಿತ ಖಾತೆಗೆ ಸಲ್ಲುವ 5 ಜಿ.ಬಿ.ಗೆ ಇಳಿಯುತ್ತದೆ. ಒಳಗಿರುವುದು 48 ಜಿ.ಬಿ.; ಆದ್ದರಿಂದ ಹೊಸ ಕಡತ ಸೇರಿಸಲು ಸಾಧ್ಯವಿಲ್ಲ, ಇರುವುದನ್ನು ನೋಡಬಹುದು ಮತ್ತು ಇಳಿಸಿಕೊಳ್ಳಬಹುದು ಅಷ್ಟೇ. ಮಿತಿ ಮೀರಿದ ಸ್ಥಿತಿ 6 ತಿಂಗಳು ಮುಂದುವರಿದರೆ ಕಡತಗಳನ್ನು ಅಳಿಸುವ ಅಧಿಕಾರ ಮೈಕ್ರೋಸಾಫ್ಟ್‌ಗಿದೆ. ಅಷ್ಟರೊಳಗೆ ಇಳಿಸಿಕೊಳ್ಳಬೇಕೆಂದರೆ ಪಾಸ್‌ವರ್ಡ್ ಇರುವುದು ಕೆಲಸ ಬಿಟ್ಟವರ ಬಳಿ. ಖಾತೆ ಅವರ ಸ್ವಂತದ್ದಾದುದರಿಂದ ಅಲ್ಲಿ ಅವರ ಮನೆಯ ಚಿತ್ರಗಳೂ ಇರಬಹುದು, ಪಾಸ್‌ವರ್ಡ್ ಕೊಡಿರೆಂದು ಒತ್ತಾಯಿಸುವುದು ನ್ಯಾಯವೂ ಅಲ್ಲ. ಲೆಕ್ಕಪರಿಶೋಧನೆಯವರು ಕಾಮಗಾರಿಗೆ ಮುಂಚಿನ ಚಿತ್ರ ಕೇಳಿದಾಗ ಪಂಚಾಯಿತಿಯ ಬಳಿ ತೋರಿಸಲು ಏನೂ ಉಳಿದಿರುವುದಿಲ್ಲ.

ಇದೇ ನಾಲ್ವರು ಬಿಸಿನೆಸ್ ಪರವಾನಗಿಯಲ್ಲಿ ಇದ್ದಿದ್ದರೆ ಖಾತೆಗಳು ಪಂಚಾಯಿತಿಯವೇ ಆಗಿರುತ್ತಿದ್ದವು. ಸ್ವಂತ ಡೊಮೇನ್ ಇಲ್ಲದಿದ್ದರೂ ನೋಂದಣಿಯ ವೇಳೆ onmicrosoft.com ಎಂದು ಕೊನೆಗೊಳ್ಳುವ ವಿಳಾಸ ದೊರೆಯುತ್ತದೆ. ನಿರ್ವಾಹಕ ಖಾತೆ ಹೊಂದಿದವರು ಪಾಸ್‌ವರ್ಡ್ ಬದಲಿಸಬಹುದು, ಕೆಲಸ ಬಿಟ್ಟವರ ಒನ್‌ಡ್ರೈವ್ ತೆರೆದು ಕಡತಗಳನ್ನು ಬೇರೆಡೆಗೆ ಸಾಗಿಸಬಹುದು, ಅದೇ ಪರವಾನಗಿಯನ್ನು ಹೊಸಬರಿಗೆ ವಹಿಸಬಹುದು. ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ: ಬಳಕೆದಾರರ ಖಾತೆಯನ್ನು ಅಳಿಸಿದ ಮೇಲೆ ಅವರ ಒನ್‌ಡ್ರೈವ್, ವ್ಯವಸ್ಥೆಯನ್ನು ಬದಲಿಸದಿದ್ದಲ್ಲಿ, 30 ದಿನ ಮಾತ್ರ ಉಳಿಯುತ್ತದೆ. ಮೊದಲು ಕಡತ ಸಾಗಿಸಿ ಆಮೇಲೆ ಖಾತೆ ಅಳಿಸುವುದು ಸರಿಯಾದ ಕ್ರಮ. ಅದಕ್ಕಿಂತ ಒಳ್ಳೆಯದೆಂದರೆ ಪಂಚಾಯಿತಿಯ ಕಡತಗಳನ್ನು ಯಾರೊಬ್ಬರ ಒನ್‌ಡ್ರೈವ್‌ನಲ್ಲಿಯೂ ಇಡದೆ, ಸಾಮೂಹಿಕ ಸ್ಥಳವಾದ ಶೇರ್‌ಪಾಯಿಂಟ್‌ನಲ್ಲಿ ಇಡುವುದು. ಅಲ್ಲಿ ಇಡೀ ಸಂಸ್ಥೆಗೆ 1 ಟಿ.ಬಿ.ಯೂ, ಪ್ರತಿ ಪರವಾನಗಿಗೆ 10 ಜಿ.ಬಿ.ಯಂತೆ ಹೆಚ್ಚುವರಿಯೂ ಸಿಗುತ್ತದೆ. ನಾಲ್ವರಿಗೆ 1 ಟಿ.ಬಿ. ಮತ್ತು 40 ಜಿ.ಬಿ. ಯಾರು ವರ್ಗಾವಣೆಯಾದರೂ ಅದು ಕದಲುವುದಿಲ್ಲ.

ಬಿಸಿನೆಸ್ ಪರವಾನಗಿ ಪಡೆದ ಮೇಲೆ ಒಂದೇ ಖಾತೆಯಲ್ಲಿ ಮೂವರು ಕೆಲಸ ಮಾಡುವ ರೂಢಿಯನ್ನು ಬಿಡಬೇಕು. ಸ್ಟ್ಯಾಂಡರ್ಡ್‌ನಲ್ಲಿ 5 ಗಣಕಯಂತ್ರಗಳಿಗೆ ಅನುಮತಿಯಿದೆ ಎಂಬುದರ ಅರ್ಥ ಒಬ್ಬ ವ್ಯಕ್ತಿಯ 5 ಯಂತ್ರಗಳು ಎಂದು, 5 ವ್ಯಕ್ತಿಗಳೆಂದಲ್ಲ. ಹಾಗೆಂದು ಎಲ್ಲರಿಗೂ ದುಬಾರಿ ಪರವಾನಗಿ ಬೇಕಿಲ್ಲ. ದಿನವಿಡೀ ಎಕ್ಸೆಲ್‌ನಲ್ಲಿ ಕೆಲಸ ಮಾಡುವವರಿಗೆ ಸ್ಟ್ಯಾಂಡರ್ಡ್ ಬೇಕಾಗಬಹುದು. ಅಪರೂಪಕ್ಕೆ ಕಡತ ನೋಡುವವರಿಗೆ, ಬ್ರೌಸರ್ ಮತ್ತು ಮೊಬೈಲ್‌ನಲ್ಲಿ ಮಾತ್ರ ನಡೆಯುವ ಬೇಸಿಕ್ ಸಾಕು. ಚಂದಾ ಬೇಡವೆನ್ನುವ ಪಂಚಾಯಿತಿಗಳಿಗೆ ಎರಡು ದಾರಿಗಳಿವೆ. ಒಮ್ಮೆ ಹಣ ಕಟ್ಟಿ ಪಡೆಯುವ ಹೋಮ್ ಅಂಡ್ ಬಿಸಿನೆಸ್ ಆವೃತ್ತಿಯನ್ನು ಕಚೇರಿ ಕೆಲಸಕ್ಕೆ ಬಳಸಬಹುದು, ಆದರೆ ಅದು ಒಂದು ಯಂತ್ರಕ್ಕೆ ಸೀಮಿತ, 1 ಟಿ.ಬಿ. ಸ್ಥಳವೂ ಅದರೊಂದಿಗೆ ಬರುವುದಿಲ್ಲ. ಲಿಬ್ರೆಆಫೀಸ್‌ಗೆ ಶುಲ್ಕವಿಲ್ಲ, ಯಾವ ಉದ್ದೇಶದ ಬಳಕೆಗೂ ನಿರ್ಬಂಧವಿಲ್ಲ. ಕಡತಗಳ ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ತೆಗೆದಿಡುವ ಹೊಣೆ ಮಾತ್ರ ಕಚೇರಿಯದು. ನೋಟೀಸು, ನಡವಳಿ, ಸಾಮಾನ್ಯ ಪಟ್ಟಿಗಳಷ್ಟೇ ಇರುವ ಕಚೇರಿಗೆ ಇದು ಸಾಕೆಂದೇ ಹೇಳಬೇಕು.

ಈಗಿರುವ ಯಂತ್ರದಲ್ಲಿ ಯಾವ ಪರವಾನಗಿ ಇದೆಯೆಂದು ಸದಸ್ಯರೇ ಪರಿಶೀಲಿಸಬಹುದು. ವರ್ಡ್ ತೆರೆದು File, ಬಳಿಕ Account ಒತ್ತಿದರೆ Product Information ಎಂಬ ಭಾಗದಲ್ಲಿ ಪರವಾನಗಿಯ ಹೆಸರು ಕಾಣುತ್ತದೆ. ಅಲ್ಲಿ Personal, Family ಅಥವಾ Home and Student ಎಂದಿದ್ದರೆ ಅದು ಮನೆಬಳಕೆಯದು. ಚಂದಾ ಆಗಿದ್ದಲ್ಲಿ ಅದರ ಕೆಳಗೆ Belongs to ಎಂಬುದರ ಮುಂದೆ ಖಾತೆಯ ಇ-ಮೇಲ್ ವಿಳಾಸವೂ ಇರುತ್ತದೆ. ಅದು ಸಿಬ್ಬಂದಿಯೊಬ್ಬರ ಸ್ವಂತ ವಿಳಾಸವಾಗಿದ್ದರೆ ಕಚೇರಿಯ ಕಡತಗಳೂ ಬಹುಶಃ ಅಲ್ಲಿಯೇ ಇವೆ. ಅಂತಹ ಕಡೆ ಅವರು ಸೇವೆಯಲ್ಲಿರುವಾಗಲೇ ಅವರ ಸಮ್ಮುಖದಲ್ಲಿ ಕಚೇರಿಯ ಕಡತಗಳನ್ನು ಇಳಿಸಿಕೊಂಡು, ಅವುಗಳ ಪಟ್ಟಿಯನ್ನು ಪ್ರಭಾರ ಹಸ್ತಾಂತರದ ದಾಖಲೆಯಲ್ಲಿ ಸೇರಿಸಬೇಕು. ಹೊಸ ಖರೀದಿಯ ನಿರ್ಣಯದಲ್ಲಿ ‘ಎಂ.ಎಸ್. ಆಫೀಸ್’ ಎಂದಷ್ಟೇ ಬರೆಯದೆ ಪರವಾನಗಿಯ ಪೂರ್ಣ ಹೆಸರು, ಬಳಕೆದಾರರ ಸಂಖ್ಯೆ, ನವೀಕರಣದ ದಿನಾಂಕ ಇವುಗಳನ್ನು ನಮೂದಿಸುವುದು ಒಳಿತು. ನಿರ್ವಾಹಕ ಖಾತೆಯನ್ನು ಅಭಿವೃದ್ಧಿ ಅಧಿಕಾರಿ ಮತ್ತು ಕಾರ್ಯದರ್ಶಿ ಇಬ್ಬರಿಗೂ ಪ್ರತ್ಯೇಕವಾಗಿ ನೀಡುವಂತೆ ಅದೇ ನಿರ್ಣಯದಲ್ಲಿ ಸೂಚಿಸಬಹುದು; ಇಬ್ಬರಲ್ಲಿ ಒಬ್ಬರು ವರ್ಗಾವಣೆಯಾದ ದಿನವೂ ಮತ್ತೊಬ್ಬರ ಬಳಿ ಕೀಲಿಕೈ ಇರುತ್ತದೆ.