ತಿದ್ದಿಕೊಂಡಷ್ಟೂ ಕರಗುವ ಅಂಕ

ನರ್ಸಿಂಗ್ ಓದಿದವರು ಬ್ರಿಟನ್ನಿಗೆ ಕೆಲಸಕ್ಕೆ ಹೋಗಲು ಐಇಎಲ್‌ಟಿಎಸ್ ಬರೆದರೆ, ಅಲ್ಲಿನ ನರ್ಸಿಂಗ್ ಮಂಡಳಿ ಸ್ಪೀಕಿಂಗ್ ವಿಭಾಗದಲ್ಲಿ 7 ಬ್ಯಾಂಡ್ ಕೇಳುತ್ತದೆ. ಗ್ರಾಮರ್ ಚೆನ್ನಾಗಿ ಬಲ್ಲ ಎಷ್ಟೋ ಮಂದಿ ಆರೂವರೆಗೆ ಬಂದು ನಿಲ್ಲುತ್ತಾರೆ. ಆಡಿದ ಪ್ರತಿ ವಾಕ್ಯವನ್ನೂ ಮತ್ತೆ ಹಿಡಿದೆಳೆದು ತಿದ್ದುವ ಅಭ್ಯಾಸ ಇದಕ್ಕೊಂದು ದೊಡ್ಡ ಕಾರಣ.

ಈ ಪರೀಕ್ಷೆ 11ರಿಂದ 14 ನಿಮಿಷದ ಮುಖಾಮುಖಿ ಮಾತುಕತೆ. ಪರೀಕ್ಷಕರು ನಾಲ್ಕು ಅಂಶಗಳನ್ನು ನೋಡುತ್ತಾರೆ: ಮಾತಿನ ಓಟ ಮತ್ತು ಜೋಡಣೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ತೂಕ. ಪದ, ವ್ಯಾಕರಣ, ಉಚ್ಚಾರಣೆ ಮೂರರಲ್ಲೂ 7 ಬಂದು ಓಟದಲ್ಲಿ 5 ಬಂದರೆ ಒಟ್ಟು 26, ಅಂದರೆ ಸರಾಸರಿ 6.5. ತಪ್ಪಿಲ್ಲದೆ ಮಾತಾಡಬೇಕೆಂಬ ಹಟ ವ್ಯಾಕರಣದಲ್ಲಿ ಗಳಿಸಿಕೊಟ್ಟದ್ದನ್ನು ಓಟದಲ್ಲಿ ಕಳೆದುಬಿಡುತ್ತದೆ.

ಒಂದು ಉತ್ತರವನ್ನೇ ನೋಡೋಣ. ನೀವು ಹೋಗಿ ಬಂದ ಒಂದು ಸ್ಥಳದ ಬಗ್ಗೆ ಹೇಳಿ ಎಂಬ ಪ್ರಶ್ನೆಗೆ ಅಭ್ಯರ್ಥಿ ಹೀಗೆ ಶುರು ಮಾಡುತ್ತಾಳೆ ಅಂದುಕೊಳ್ಳಿ: "ಲಾಸ್ಟ್ ಇಯರ್ ಐ ಗೋ, ಸಾರಿ, ಐ ವೆಂಟ್, ಐ ಹ್ಯಾವ್ ಗಾನ್ ಟು ದ ಹಂಪಿ, ನೋ, ಟು ಹಂಪಿ, ವಿತ್ ಮೈ ಕಸಿನ್ ಬ್ರದರ್, ಐ ಮೀನ್, ಮೈ ಕಸಿನ್, ಆ್ಯಂಡ್ ಹೀ... ಶೀ ಟುಕ್ ಫೋಟೋಸ್."

ಇಲ್ಲಿ 'ಗೋ' ಎಂದದ್ದನ್ನು 'ವೆಂಟ್' ಮಾಡಿದ್ದು ಸರಿಯೇ. ಆದರೆ ಅಲ್ಲಿಗೆ ನಿಲ್ಲದೆ 'ಹ್ಯಾವ್ ಗಾನ್' ಎಂದು ಬದಲಿಸಿದಳು. 'ಲಾಸ್ಟ್ ಇಯರ್' ಇರುವಾಗ ಅದು ತಪ್ಪು. ಸರಿಯಿದ್ದ ವಾಕ್ಯ ತಿದ್ದುಪಡಿಯಿಂದಲೇ ಕೆಟ್ಟಿತು. ಹಂಪಿಯ ಮುಂದಿನ 'ದ' ಹಾಗೆಯೇ ಉಳಿದಿದ್ದರೆ ಸಣ್ಣದೊಂದು ತಪ್ಪಾಗುತ್ತಿತ್ತು, ಅರ್ಥಕ್ಕೆ ಕುಂದಿರಲಿಲ್ಲ. 'ಕಸಿನ್ ಬ್ರದರ್' ಕೂಡ ಯಾರಿಗೂ ಅರ್ಥವಾಗದ ಮಾತಲ್ಲ. ಕೊನೆಯ 'ಹೀ, ಶೀ' ಮಾತ್ರ ಬೇರೆ ಸಂಗತಿ: ಫೋಟೋ ತೆಗೆದದ್ದು ಅಣ್ಣನೋ ಬೇರೆ ಯಾವ ಹುಡುಗಿಯೋ ಎಂಬುದೇ ತಿಳಿಯುವುದಿಲ್ಲ. ನಿಜಕ್ಕೂ ಸ್ಪಷ್ಟಪಡಿಸಬೇಕಾದ ಜಾಗ ಇದೊಂದೇ ಆಗಿತ್ತು. ಅಷ್ಟರಲ್ಲಿ ಕೇಳುವವರ ಗಮನ ಹಂಪಿಯಿಂದ ಜಾರಿ ಮಾತಿನ ತಡವರಿಕೆಯ ಮೇಲೆ ನಿಂತಿರುತ್ತದೆ.

ತಿದ್ದಿಕೊಳ್ಳುವುದೇ ಅಪರಾಧ ಎಂದು ಯಾರೂ ಭಾವಿಸಬೇಕಿಲ್ಲ. ಪರೀಕ್ಷೆಯ ಪ್ರಕಟಿತ ಮಾನದಂಡದಲ್ಲಿ 9 ಬ್ಯಾಂಡಿನವರಿಗೂ ಅಪರೂಪಕ್ಕೆ ತಿದ್ದಿಕೊಳ್ಳಲು ಅವಕಾಶವಿದೆ, 7ರಲ್ಲಿ ಇನ್ನೂ ಸ್ವಲ್ಪ ಹೆಚ್ಚು. 6ಕ್ಕೆ ಇಳಿದಾಗ ಅದರಿಂದ ಮಾತಿನ ಎಳೆಯೇ ಆಗಾಗ ತಪ್ಪುತ್ತದೆ. ಹಾಗೆಯೇ ವ್ಯಾಕರಣದಲ್ಲಿ 7 ಬರಲು ಎಲ್ಲ ವಾಕ್ಯವೂ ಶುದ್ಧವಾಗಿರಬೇಕಿಲ್ಲ. ತಪ್ಪಿಲ್ಲದ ವಾಕ್ಯಗಳು ಪದೇ ಪದೇ ಬರುತ್ತಿದ್ದರೆ ಸಾಕು, ಕೆಲವು ತಪ್ಪು ಉಳಿದರೂ ನಡೆಯುತ್ತದೆ. ಈ ಸಡಿಲಿಕೆ ತಿಳಿಯದೆ ಹೆದರುವವರೇ ಹೆಚ್ಚು.

ಅಮೆರಿಕದ ಭಾಷಾತಜ್ಞ ಸ್ಟೀಫನ್ ಕ್ರಾಶನ್ ಇದನ್ನು ತಲೆಯೊಳಗಿನ 'ಮಾನಿಟರ್' ಎಂಬ ಕಲ್ಪನೆಯಿಂದ ವಿವರಿಸಿದರು. ಕಲಿತ ನಿಯಮ ಕಾವಲುಗಾರನಂತೆ ಬಾಯಿಂದ ಹೊರಡುವ ಮಾತನ್ನು ತಡೆದು ನೋಡುತ್ತದೆ. ಅದಕ್ಕೆ ಸಮಯ ಬೇಕು, ಸಂಭಾಷಣೆಯಲ್ಲಿ ಸಿಗದಿರುವುದೂ ಅದೇ. ನಮಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ಕಾಲ ಯಾವುದೆಂದು ಹೇಳಲು ಕೊನೆಯವರೆಗೂ ಸಮಯ ಸಿಗುತ್ತದೆ. ಇಂಗ್ಲಿಷಿನಲ್ಲಿ 'ಐ' ಎಂದ ಕೂಡಲೇ ಗೋ, ವೆಂಟ್‌ಗಳ ನಡುವೆ ಆರಿಸಬೇಕು. ನಮ್ಮವರು ಕ್ರಿಯಾಪದದ ಹತ್ತಿರವೇ ಮುಗ್ಗರಿಸಲು ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಹಾಗಾಗಿ ಕಾವಲುಗಾರನಿಗೆ ಕೆಲಸ ಕೊಡಬೇಕಾದದ್ದು ಮಾತಾಡುವ ಮುಂಚೆ. ಪರೀಕ್ಷೆಯ ಎರಡನೇ ಭಾಗದಲ್ಲಿ ಒಂದು ನಿಮಿಷ ತಯಾರಿಗೆ ಸಿಗುತ್ತದೆ, ಕಾಗದ ಪೆನ್ಸಿಲ್ ಕೊಡುತ್ತಾರೆ. ಹಲವರು ಅಲ್ಲಿ ಪೂರ್ತಿ ವಾಕ್ಯ ಬರೆಯಲು ಹೋಗಿ ಸಮಯ ಕಳೆಯುತ್ತಾರೆ. ಅದರ ಬದಲು ವೆಂಟ್, ಸ್ಟೇಡ್, ಕ್ಲೈಂಬ್ಡ್, ಸಾ ಎಂದು ಕ್ರಿಯಾಪದಗಳನ್ನಷ್ಟೇ ಸಾಲಾಗಿ ಬರೆದುಕೊಂಡರೆ, ಮಾತಾಡುವಾಗ ಕಾಲದ ಆಯ್ಕೆ ಆಗಿಯೇ ಇರುತ್ತದೆ.

ಮನೆಯ ಅಭ್ಯಾಸದಲ್ಲಿ ಎರಡೂ ಕೆಲಸವನ್ನು ಬೇರೆ ಇಡಬೇಕು. ಫೋನಿನಲ್ಲಿ ಎರಡು ನಿಮಿಷ ನಿಲ್ಲಿಸದೆ ಮಾತಾಡಿ ಧ್ವನಿ ಮುದ್ರಿಸಿ. ಆಮೇಲೆ 'ಸಾರಿ', 'ನೋ'ಗಳ ಸಮೇತ ಇದ್ದದ್ದನ್ನು ಇದ್ದಂತೆ ಬರೆಯಿರಿ. ಯಾವ ತಿದ್ದುಪಡಿ ಇಲ್ಲದಿದ್ದರೂ ಅರ್ಥ ಕೆಡುತ್ತಿರಲಿಲ್ಲವೋ ಅವುಗಳನ್ನು ಹೊಡೆದುಹಾಕಿ. ಹೆಚ್ಚಿನವು ಹೋಗುವುದನ್ನು ನೀವೇ ಕಾಣುವಿರಿ. ಮತ್ತೆ ಮತ್ತೆ ಬಂದ ಒಂದೇ ಒಂದು ತಪ್ಪನ್ನು ಆರಿಸಿಕೊಂಡು ಅದನ್ನಷ್ಟೇ ಅಭ್ಯಾಸ ಮಾಡಿ, ಅದೇ ವಿಷಯವನ್ನು ಮತ್ತೆ ಹೇಳಿ. ನ್ಯೂಜಿಲೆಂಡಿನ ಪಾಲ್ ನೇಷನ್ ಪ್ರಚುರಪಡಿಸಿದ ಒಂದು ಕ್ರಮದಲ್ಲಿ ಒಂದೇ ವಿಷಯವನ್ನು ಮೂವರಿಗೆ ಹೇಳುತ್ತಾರೆ: ಮೊದಲು 4 ನಿಮಿಷ, ಆಮೇಲೆ 3, ಕೊನೆಗೆ 2. ಹೇಳುವ ವಿಷಯ ಮೊದಲೇ ಗೊತ್ತಿರುವುದರಿಂದ ಮೂರನೇ ಸಲ ಪದ ಹುಡುಕುವ ತಡೆ ಕಡಿಮೆಯಾಗುತ್ತದೆ.

ಓಟವೆಂದರೆ ವೇಗವಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಬಾಯಿಪಾಠ ಒಪ್ಪಿಸಿದಂತೆ ಗಡಿಬಿಡಿಯಲ್ಲಿ ಓಡಿದರೆ ಉಚ್ಚಾರಣೆ ಹಾಳಾಗುತ್ತದೆ, ವ್ಯಾಕರಣದ ತಪ್ಪೂ ಹೆಚ್ಚುತ್ತದೆ. ಏನು ಹೇಳಲಿ ಎಂದು ಯೋಚಿಸಲು ನಿಂತರೆ ಪರೀಕ್ಷಕರು ಅದನ್ನು ಸಹಜವೆಂದೇ ಎಣಿಸುತ್ತಾರೆ. ಹದಿನೈದರ ಬದಲು ಐವತ್ತು ಎಂದಾಗ, ಅವಳ ಬದಲು ಅವನು ಎಂದಾಗ, ಒಂದು ಸಲ ಚುಟುಕಾಗಿ ಸರಿಪಡಿಸಿ. 'ಸಾರಿ' ಹೇಳುವ ಅಗತ್ಯವೂ ಇಲ್ಲ. ಸರಿಯಾದ ಪದ ಹೇಳಿ ಮುಂದಿನ ವಾಕ್ಯಕ್ಕೆ ಹೋಗಿ.